ಪ್ಲೇಸ್‌ಮೆಂಟ್ ಅಧಿಕಾರಿಗಳೇ, ಪೋಸ್ಟರಿನ ಮೇಲಿನ ಆ 4.2 ಎಲ್ಲಿಂದ ಬಂತು?

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಪದವಿ, ಎಂಜಿನಿಯರಿಂಗ್ ಮತ್ತು ಎಂಬಿಎ ಕಾಲೇಜುಗಳ ಪ್ಲೇಸ್‌ಮೆಂಟ್ ಅಧಿಕಾರಿಗಳಿಗೆ,

ಮಾನ್ಯರೇ,

ಕ್ಯಾಂಪಸ್ ಡ್ರೈವ್‌ಗೆ ಕಂಪೆನಿ ಬರುವ ಮೊದಲು ನೀವು ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿಗೆ ಹಾಕುವ ಪೋಸ್ಟರಿನಲ್ಲಿ ಈಗೀಗ ಹೊಸತೊಂದು ಸೇರಿಕೊಂಡಿದೆ. ಕಂಪೆನಿಯ ಹೆಸರು, ಹುದ್ದೆ, ಸಿಟಿಸಿ, ದಿನಾಂಕ ಎಲ್ಲ ಆದ ಮೇಲೆ ಕೆಳಗೆ ಹಳದಿ ನಕ್ಷತ್ರಗಳ ಸಾಲು, ಪಕ್ಕದಲ್ಲಿ 4.2 ಎಂದೋ 4.4 ಎಂದೋ ಒಂದು ಅಂಕಿ. ದುಡಿಯುವವರೇ ತಮ್ಮ ಕಂಪೆನಿಗೆ ಅಂಕ ಕೊಟ್ಟು ವಿಮರ್ಶೆ ಬರೆಯುವ ಗ್ಲಾಸ್‌ಡೋರ್ ಅಥವಾ ಆಂಬಿಷನ್‌ಬಾಕ್ಸ್ ಸೈಟಿನಿಂದ ತೆಗೆದ ಸ್ಕ್ರೀನ್‌ಶಾಟ್ ಅದು. ನಿಮಗೆ ಅದು ಪೋಸ್ಟರ್ ತುಂಬಿಸುವ ಒಂದು ಚಿತ್ರ ಇರಬಹುದು. ಮನೆಯಲ್ಲಿ ಅಪ್ಪ ಅಮ್ಮ ಅದನ್ನು ಓದುವುದು ಕಾಲೇಜೇ ವಿಚಾರಿಸಿ ಕೊಟ್ಟ ಮಾರ್ಕು ಎಂದು. "ಕಾಲೇಜಿನವರೇ ಹಾಕಿದ್ದಾರಲ್ಲ" ಎಂಬ ಮಾತು ಮುಂದೆ ಯಾವ ಪ್ರಶ್ನೆಯನ್ನೂ ಏಳಗೊಡುವುದಿಲ್ಲ.

ನಾನು ಮಂಗಳೂರಿನಲ್ಲಿ ಸಣ್ಣ ಮತ್ತು ಮಧ್ಯಮ ಕಂಪೆನಿಗಳ ಸಂಬಳದ ಲೆಕ್ಕ, ಪಿಎಫ್, ಇಎಸ್‌ಐ ರಿಟರ್ನ್ ನೋಡಿಕೊಳ್ಳುವವಳು. ತಿಂಗಳ 15ನೇ ತಾರೀಕಿನೊಳಗೆ ಪಿಎಫ್ ಹಣ ಕಟ್ಟಿಸುವುದು, ಯಾರು ಸೇರಿದರು, ಯಾರು ಬಿಟ್ಟರು ಎಂದು ಪಟ್ಟಿ ತಿದ್ದುವುದು ನನ್ನ ದಿನದ ಕೆಲಸ. ಈ ಕೆಲಸದಲ್ಲಿ ಇರುವವರಿಗೆ ಒಂದು ಅನುಕೂಲ ಇದೆ: ಒಂದು ಕಂಪೆನಿ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೆ ಎಂಬುದೂ ಕಾಣುತ್ತದೆ, ಸಂಬಳದ ಪಟ್ಟಿಯಲ್ಲಿ ಎಷ್ಟು ಹೆಸರಿದೆ ಎಂಬುದೂ ಕಾಣುತ್ತದೆ. ಈ ಎರಡರ ನಡುವೆ ನಕ್ಷತ್ರದ ರೇಟಿಂಗ್ ಎಲ್ಲಿ ನಿಲ್ಲುತ್ತದೆ ಎಂಬುದರ ಬಗ್ಗೆಯೇ ಈ ಪತ್ರ.

ಹೇಳಿ ಬರೆಸಿದ ರೇಟಿಂಗ್ ಹೇಗೆ ಹುಟ್ಟುತ್ತದೆ ಎಂದು ಮೊದಲು ಹೇಳುತ್ತೇನೆ. ಹೊರಗಿನ ಏಜೆನ್ಸಿಗೆ ದುಡ್ಡು ಕೊಟ್ಟು ಬರೆಸುವುದೂ ಉಂಟು. ಆದರೆ ನಮ್ಮ ಊರಿನ ಕಂಪೆನಿಗಳಲ್ಲಿ ನಾನು ಕೇಳಿದ್ದು ಹೆಚ್ಚು ಸರಳವಾದ ದಾರಿ. ಎಚ್‌ಆರ್ ಒಳಗಿನ ಗ್ರೂಪಿನಲ್ಲಿ ಒಂದು ಲಿಂಕ್ ಹಾಕುತ್ತಾರೆ, ಪ್ರತಿ ಟೀಮ್ ಲೀಡ್‌ಗೆ ಇಷ್ಟು ಎಂದು ಟಾರ್ಗೆಟ್ ಕೊಡುತ್ತಾರೆ, ಬರೆದವರು ಸ್ಕ್ರೀನ್‌ಶಾಟ್ ಕಳಿಸಬೇಕು. ಆಫೀಸಿನ ವೈಫೈ ಬೇಡ, ನಿಮ್ಮ ಮೊಬೈಲ್ ಡೇಟಾದಲ್ಲೇ ಬರೆಯಿರಿ ಎಂಬ ಸೂಚನೆಯೂ ಜೊತೆಗಿರುತ್ತದೆ, ಒಂದೇ ಕಡೆಯಿಂದ ಬಂದ ರಾಶಿ ಸೈಟಿನವರ ಕಣ್ಣಿಗೆ ಬೀಳಬಾರದಲ್ಲ. ಕೆಲವೆಡೆ ಕೆಲಸ ಬಿಡುವವರಿಗೆ ರಿಲೀವಿಂಗ್ ಲೆಟರ್ ಕೊಡುವಾಗ ಇದನ್ನು ಕೇಳುತ್ತಾರೆ. ಇನ್ನು ಕೆಲವೆಡೆ ಇಂಟರ್ನ್‌ಶಿಪ್ ಸರ್ಟಿಫಿಕೇಟಿಗೆ ಬಂದ ನಿಮ್ಮದೇ ವಿದ್ಯಾರ್ಥಿಗಳಿಂದ ಬರೆಸುತ್ತಾರೆ. ಅಂದರೆ ಮುಂದಿನ ವರ್ಷದ ಪೋಸ್ಟರಿನಲ್ಲಿ ನೀವು ಅಂಟಿಸುವ ನಕ್ಷತ್ರಗಳಲ್ಲಿ ಕೆಲವನ್ನು ಹಾಕಿದವರು ನಿಮ್ಮ ಕ್ಲಾಸಿನ ಹಿಂದಿನ ಬೆಂಚಿನಲ್ಲೇ ಕೂತಿದ್ದವರು.

ಇದು ನಮ್ಮೂರಿನ ರೋಗ ಮಾತ್ರ ಅಲ್ಲ. 2019ರ ಜನವರಿಯಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಗ್ಲಾಸ್‌ಡೋರ್‌ನ ಲಕ್ಷಗಟ್ಟಲೆ ವಿಮರ್ಶೆಗಳನ್ನು ತಿಂಗಳುವಾರು ಜೋಡಿಸಿ ನೋಡಿತು. 400ಕ್ಕೂ ಹೆಚ್ಚು ಕಂಪೆನಿಗಳಲ್ಲಿ ಯಾವುದೋ ಒಂದು ತಿಂಗಳು ವಿಮರ್ಶೆಗಳ ಸಂಖ್ಯೆ ಇದ್ದಕ್ಕಿದ್ದಂತೆ ಏರಿತ್ತು, ಆ ತಿಂಗಳುಗಳಲ್ಲಿ ಐದು ನಕ್ಷತ್ರದ ಪಾಲು ಹಿಂದಿನ ಮುಂದಿನ ತಿಂಗಳುಗಳಿಗಿಂತ ತೀರಾ ಹೆಚ್ಚಿತ್ತು. ಆ ಪತ್ರಕರ್ತರು ಮಾಡಿದ ಕೆಲಸದಲ್ಲಿ ಯಾವ ಗುಟ್ಟೂ ಇಲ್ಲ. ಸರಾಸರಿಯನ್ನು ಬಿಟ್ಟು ತಾರೀಕುಗಳನ್ನು ನೋಡಿದರು, ಅಷ್ಟೆ. ಅದನ್ನೇ ನಿಮ್ಮ ಆಫೀಸಿನಲ್ಲಿ ಕೂತು ಅರ್ಧ ಗಂಟೆಯಲ್ಲಿ ಮಾಡಬಹುದು.

ಹೇಗೆಂದು ತೋರಿಸಲು ಒಂದು ಪ್ರಕರಣವನ್ನೇ ಬಿಡಿಸಿ ಇಡುತ್ತೇನೆ.

ಉಡುಪಿಯಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದ ನನ್ನ ಅಕ್ಕನ ಮಗಳಿಗೆ ಮಂಗಳೂರಿನ ಒಂದು ಮೆಡಿಕಲ್ ಬಿಲ್ಲಿಂಗ್ ಕಂಪೆನಿಯ ಆಫರ್ ಬಂತು. ಅಮೆರಿಕದ ಆಸ್ಪತ್ರೆಗಳ ಪರವಾಗಿ ಅಲ್ಲಿನ ಇನ್ಶೂರೆನ್ಸ್ ಕಂಪೆನಿಗಳಿಗೆ ಫೋನ್ ಮಾಡಿ ಬಾಕಿ ಹಣದ ಬೆನ್ನು ಹತ್ತುವ ಕೆಲಸ. ಎಆರ್ ಕಾಲರ್ ಎನ್ನುತ್ತಾರೆ. ರಾತ್ರಿ ಪಾಳಿ, ವರ್ಷಕ್ಕೆ 2.4 ಲಕ್ಷ, ಹದಿನೆಂಟು ತಿಂಗಳ ಬಾಂಡ್. ಡ್ರೈವ್ ನಡೆದದ್ದು ಮಾರ್ಚ್ ಕೊನೆಯಲ್ಲಿ. ಸಂಜೆ ಫೋನ್ ಮಾಡಿದಳು: "ಚಿಕ್ಕಮ್ಮ, ನಾಳೆ ಹತ್ತು ಗಂಟೆಯೊಳಗೆ ಗೂಗಲ್ ಫಾರ್ಮಿನಲ್ಲಿ ಎಸ್ ಅಂತ ಒತ್ತಬೇಕಂತೆ. ಒತ್ತಿದ ಮೇಲೆ ಬೇರೆ ಕಂಪೆನಿಗೆ ಕೂರಲಿಕ್ಕಿಲ್ಲ. ಫೋರ್ ಪಾಯಿಂಟ್ ಟೂ ಉಂಟು, ಒಳ್ಳೆಯದೇ ಅಲ್ವಾ?"

ರೇಟಿಂಗ್ 4.2, ವಿಮರ್ಶೆಗಳು 118. ಕಂಪೆನಿಯ ಪುಟ ತೆರೆದಾಗ ಮೊದಲು ಕಾಣುವುದು ಸೈಟಿಗೆ ಮುಖ್ಯವೆನಿಸಿದ ವಿಮರ್ಶೆಗಳು, ಅವು ಇತ್ತೀಚಿನವೇ ಆಗಿರಬೇಕೆಂದಿಲ್ಲ. ಹಾಗಾಗಿ ಕ್ರಮವನ್ನು ತಾರೀಕಿಗೆ ಬದಲಿಸಿ, ಒಂದೊಂದು ತಿಂಗಳಿಗೆ ಎಷ್ಟು ವಿಮರ್ಶೆ ಎಂದು ಒಂದು ಕಾಗದದ ಮೇಲೆ ಗೀಟು ಹಾಕುತ್ತಾ ಬಾ ಎಂದೆ. ಗೀಟು ಹಾಕಿ ಮುಗಿಯುವಷ್ಟರಲ್ಲಿ ಅವಳಿಗೇ ಅರ್ಥವಾಗಿತ್ತು. ಮೂರು ವರ್ಷಕ್ಕೂ ಹೆಚ್ಚು ಕಾಲದಲ್ಲಿ, ಜನವರಿಯ ತನಕ, ಒಟ್ಟು 41 ವಿಮರ್ಶೆ. ತಿಂಗಳಿಗೆ ಒಂದು, ಕೆಲವು ತಿಂಗಳು ಸೊನ್ನೆ. ಫೆಬ್ರವರಿ ಮೊದಲ ವಾರದಿಂದ ಮಾರ್ಚ್ ಮಧ್ಯದ ತನಕ, ಆರು ವಾರದಲ್ಲಿ, 77. ಆಮೇಲೆ ಮತ್ತೆ ಸೊನ್ನೆ. ಡ್ರೈವ್ ಸೀಸನ್ನಿಗೆ ಸರಿಯಾಗಿ.

ಈಗ ಸರಾಸರಿಯನ್ನು ಒಡೆದು ನೋಡಿ. ಮೊದಲ 41ರ ಸರಾಸರಿ 2.9. ನಂತರದ 77ರದ್ದು 4.9. ಎರಡೂ ಗುಂಪಿನ ನಕ್ಷತ್ರಗಳನ್ನು ಕೂಡಿಸಿ 118ರಿಂದ ಭಾಗಿಸಿದರೆ 4.2 ಬರುತ್ತದೆ. ಪೋಸ್ಟರಿನ ಅಂಕಿ ಲೆಕ್ಕದ ಮಟ್ಟಿಗೆ ಸರಿಯೇ ಇದೆ. ಆದರೆ ಅದು ಯಾವ ಕಾಲದ ಯಾವ ಕಂಪೆನಿಯನ್ನೂ ವರ್ಣಿಸುವುದಿಲ್ಲ: ಜನವರಿಯ ತನಕ 2.9 ಇದ್ದ ಜಾಗ ಆರು ವಾರದಲ್ಲಿ 4.9 ಆಯಿತೆಂದರೆ, ಮ್ಯಾನೇಜ್‌ಮೆಂಟ್ ಬದಲಾಗಿರಬೇಕು, ಇಲ್ಲವೇ ಬರೆಯುವವರು ಬದಲಾಗಿರಬೇಕು. ಇನ್ನೊಂದು ವಿಷಯ: ಗ್ಲಾಸ್‌ಡೋರ್‌ನಂಥ ಸೈಟು ತನ್ನ ಒಟ್ಟು ಅಂಕ ಕಟ್ಟುವಾಗ ಹೊಸ ವಿಮರ್ಶೆಗೆ ಹಳೆಯದಕ್ಕಿಂತ ಹೆಚ್ಚು ತೂಕ ಕೊಡುತ್ತದೆ. ಹಳೆಯ ಕತೆ ಹಿಡಿದು ಕಂಪೆನಿಯನ್ನು ತೂಗಬಾರದೆಂಬ ಒಳ್ಳೆಯ ಉದ್ದೇಶ ಅದರದ್ದು. ಆದರೆ ಡ್ರೈವಿಗೆ ಮೊದಲು ರಾಶಿ ಹಾಕುವವರಿಗೆ ಅದೇ ವರದಾನ.

ರಾಶಿ ಬಿದ್ದ ಕೂಡಲೇ ಅದು ಕಳ್ಳತನ ಎಂದು ನಾನು ಹೇಳುವುದಿಲ್ಲ. ಸಿಬ್ಬಂದಿಯ ಹತ್ತಿರ "ನಮ್ಮ ಬಗ್ಗೆ ಬರೆಯಿರಿ" ಎಂದು ಕೇಳುವುದು ತಪ್ಪಲ್ಲ, ಸೈಟುಗಳೂ ಅದನ್ನು ತಡೆಯುವುದಿಲ್ಲ. ಬರೆದುದಕ್ಕೆ ಬಹುಮಾನ ಕೊಡುವುದು, ಇಂಥದ್ದನ್ನೇ ಬರೆಯಿರೆಂದು ಒತ್ತಾಯ ಮಾಡುವುದು ಅವರ ನಿಯಮಕ್ಕೆ ವಿರುದ್ಧ. ಹೊಸ ಬ್ಯಾಚ್ ಸೇರಿದ ವಾರ ಇಂಡಕ್ಷನ್ ಹಾಲಿನಲ್ಲೇ ಮೊಬೈಲ್ ತೆಗೆಸಿ ಬರೆಸುವ ಕಂಪೆನಿಗಳೂ ಇವೆ. ಅವರು ಬರೆಯುವುದು ಸುಳ್ಳಲ್ಲ, ಮೂರನೇ ದಿನಕ್ಕೆ ಎಲ್ಲ ಕೆಲಸವೂ ಚೆಂದವೇ. ಎಂಟನೇ ತಿಂಗಳಲ್ಲಿ ಹೇಗಿರುತ್ತದೆ ಎಂದು ತಿಳಿಯಬೇಕಾದವರಿಗೆ ಮಾತ್ರ ಅದರಿಂದ ಪ್ರಯೋಜನವಿಲ್ಲ. ಆದ್ದರಿಂದ ರಾಶಿ ಕಂಡ ಮೇಲೆ ಅದರ ಒಳಗೆ ಇಳಿಯಬೇಕು.

ಇಳಿದಾಗ ನಾನು ಮೊದಲು ನೋಡುವುದು ಒಳಗಿನ ಉಪ ಅಂಕಗಳನ್ನು. ಸಂಬಳ, ಕೆಲಸದ ಭದ್ರತೆ, ಬಡ್ತಿ, ವರ್ಕ್ ಲೈಫ್ ಬ್ಯಾಲೆನ್ಸ್ ಎಂದು ಬೇರೆ ಬೇರೆಯಾಗಿ ನಕ್ಷತ್ರ ಕೊಡುವ ಜಾಗ ಇರುತ್ತದೆ. ನಿಜವಾಗಿ ದುಡಿದವರ ಮನಸ್ಸು ಏರುಪೇರಾಗಿರುತ್ತದೆ. ಟೀಮ್ ಚೆನ್ನಾಗಿದೆ, ನಾಲ್ಕು, ಸಂಬಳ ಸಾಲದು, ಎರಡು, ಕಲಿಯಲಿಕ್ಕಿದೆ, ನಾಲ್ಕು, ಬಡ್ತಿ ಕನಸು, ಒಂದು. ಆ 41ರಲ್ಲಿ ಹೆಚ್ಚಿನವು ಹೀಗೇ ಇದ್ದವು. 77ರಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಮೇಲಿಂದ ಕೆಳಗಿನವರೆಗೆ ಐದು. ರಾತ್ರಿ ಪಾಳಿಯ, 2.4 ಲಕ್ಷದ ಕೆಲಸದಲ್ಲಿ ಸಂಬಳಕ್ಕೂ ಐದು, ವರ್ಕ್ ಲೈಫ್ ಬ್ಯಾಲೆನ್ಸಿಗೂ ಐದು. ಒಬ್ಬಿಬ್ಬರು ಹಾಗೆ ಬರೆದರೆ ಒಪ್ಪಬಹುದು, ಎಲ್ಲರೂ ಬರೆದರೆ ಅದು ಬೆರಳಿನ ಚಲನೆ ಮಾತ್ರ.

ಎರಡನೆಯದು, ಕೊರತೆಗಳನ್ನು ಬರೆಯುವ ಕಾನ್ಸ್ ಅಥವಾ ಡಿಸ್‌ಲೈಕ್ಸ್ ಎಂಬ ಖಾನೆ. ಗ್ಲಾಸ್‌ಡೋರ್‌ನಲ್ಲಿ ಅದನ್ನು ಖಾಲಿ ಬಿಟ್ಟರೆ ವಿಮರ್ಶೆ ಮುಂದೆ ಹೋಗುವುದಿಲ್ಲ. ದೂರು ಇಲ್ಲದವರೂ ಏನಾದರೂ ಬರೆಯಲೇಬೇಕು, ಅಲ್ಲೇ ಸಿಕ್ಕಿಬೀಳುವುದು. "ಸದ್ಯಕ್ಕೆ ಏನೂ ಇಲ್ಲ", "ಹೇಳುವಂಥದ್ದು ಏನೂ ಕಾಣಲಿಲ್ಲ" ಎಂಬ ಇಂಗ್ಲಿಷ್ ಸಾಲುಗಳು ಸ್ವಲ್ಪ ಸ್ವಲ್ಪವೇ ತಿರುವಿಕೊಂಡು ಬರುತ್ತವೆ. ಈ ಕಂಪೆನಿಯ 77ರಲ್ಲಿ ಒಬ್ಬರು ಮಾತ್ರ ಸ್ವಲ್ಪ ಶ್ರಮಪಟ್ಟು, "ಕೆಫೆಟೇರಿಯಾ ಇನ್ನೂ ದೊಡ್ಡದಿರಬಹುದಿತ್ತು" ಎಂದು ಬರೆದಿದ್ದರು. ಆ ಆಫೀಸು ಬಟ್ಟೆ ಅಂಗಡಿಯೊಂದರ ಮೇಲಿನ ಎರಡನೇ ಮಹಡಿಯಲ್ಲಿದೆ. ಅಲ್ಲಿ ಕೆಫೆಟೇರಿಯಾ ದೊಡ್ಡದೂ ಇಲ್ಲ, ಸಣ್ಣದೂ ಇಲ್ಲ. ಕೆಳಗೆ ರಸ್ತೆ ಬದಿಯಲ್ಲಿ ಒಂದು ಕ್ಯಾಂಟೀನ್ ಇದೆ, ರಾತ್ರಿ ಪಾಳಿಯವರು ಆಮ್ಲೆಟ್ ತಿನ್ನುವುದು ಅಲ್ಲಿ. ಹಳೆಯ 41ರಲ್ಲಿ ಆ ಕ್ಯಾಂಟೀನಿನ ಪ್ರಸ್ತಾಪ ಮೂರು ಕಡೆ ಇತ್ತು! ಇನ್ನು ಕೆಲವರ ಊರು ಬೆಂಗಳೂರು ಎಂದಿತ್ತು, ಈ ಕಂಪೆನಿಗೆ ಬೆಂಗಳೂರಿನಲ್ಲಿ ಆಫೀಸೇ ಇಲ್ಲ.

ಹಳೆಯ ವಿಮರ್ಶೆಗಳನ್ನು ಬೇರೆಯಾಗಿಯೇ ಓದಬೇಕು. ಅವುಗಳಲ್ಲಿ ವಿವರ ಇರುತ್ತದೆ. ಕ್ಯಾಬ್ ಪಂಪ್‌ವೆಲ್ ತನಕ ಮಾತ್ರ, ಅಲ್ಲಿಂದ ಮುಂದೆ ಬೆಳಗಿನ ಮೊದಲ ಬಸ್ಸಿಗೆ ಕಾಯಬೇಕು. ಇನ್ಸೆಂಟಿವ್ ಕ್ವಾಲಿಟಿ ಸ್ಕೋರಿಗೆ ಕಟ್ಟಿದ್ದು, ಸ್ಕೋರ್ ಹಾಕುವವರು ಟೀಮ್ ಲೀಡ್. ಮೊದಲ ತಿಂಗಳು ಟ್ರೈನಿಂಗ್, ಸಂಬಳವಿಲ್ಲ. ಸಿಟ್ಟಿನಲ್ಲಿ ಬರೆದವರಲ್ಲೂ ಈ ಬಗೆಯ ಸಾಲು ಒಂದಾದರೂ ಇರುತ್ತದೆ, ಆ ಸಾಲಿಗಾಗಿ ಸಿಟ್ಟನ್ನು ಸಹಿಸಿಕೊಂಡು ಓದಬಹುದು. ಐದು ಕೊಟ್ಟವರಿಗೂ ಒಂದು ಕೊಟ್ಟವರಿಗೂ ಬರೆಯಲು ಏನೋ ಒಂದು ಒತ್ತಡ ಇರುತ್ತದೆ. ಮೂರು ಕೊಟ್ಟವರಿಗೆ ಅದು ಕಡಿಮೆ. ಅರ್ಧ ಗಂಟೆ ಮಾತ್ರ ಇದ್ದರೆ ಮೂರು ನಕ್ಷತ್ರದವನ್ನು ಓದಿ ಎಂದು ನಾನು ಎಲ್ಲರಿಗೂ ಹೇಳುವುದು.

ಹೀಗೆ ಹೇಳಿ ಬರೆಸುವುದು ಅಂಕವನ್ನು ಕೆಳಗೆ ಎಳೆಯಲಿಕ್ಕೂ ನಡೆಯುತ್ತದೆ ಎಂಬುದನ್ನೂ ಹೇಳಬೇಕು. ಮಣಿಪಾಲದ ಕಡೆಯ ಒಂದು ಕಂಪೆನಿ ಒಬ್ಬ ಟೀಮ್ ಲೀಡನ್ನು ತೆಗೆದ ವಾರದಲ್ಲೇ ಅದರ ಪುಟದಲ್ಲಿ ಒಂದೇ ನಕ್ಷತ್ರದ ವಿಮರ್ಶೆಗಳ ಸಾಲು ಬಿತ್ತು. ಎಲ್ಲದರಲ್ಲೂ ಒಬ್ಬರೇ ಮ್ಯಾನೇಜರಿಗೆ ಬೈಗುಳ, ಎಲ್ಲದರಲ್ಲೂ ಒಂದೇ ಕಾಗುಣಿತದ ತಪ್ಪು. ಅಲ್ಲಿ ಸಂಬಳ ತಿಂಗಳ ಕೊನೆಯ ದಿನ ತಪ್ಪದೆ ಬರುತ್ತದೆ. ಅಳೆಯುವ ರೀತಿ ಎರಡೂ ಕಡೆ ಒಂದೇ: ತಾರೀಕು, ಎಲ್ಲಕ್ಕೂ ಒಂದೇ ಆದ ಚಪ್ಪಟೆ ಅಂಕ, ವಿವರ ಇದೆಯೇ ಇಲ್ಲವೇ.

ಇಷ್ಟರ ತನಕ ಎಲ್ಲವೂ ಸೈಟಿನ ಒಳಗಿನ ಸಾಕ್ಷಿ. ನನಗೆ ಹೆಚ್ಚು ನಂಬಿಕೆ ಇರುವುದು ಹೊರಗಿನದರಲ್ಲಿ, ಅದು ನನ್ನ ಕಸುಬಿನದೂ ಹೌದು. ಪಿಎಫ್ ಇಲಾಖೆಯಾದ ಇಪಿಎಫ್‌ಒದ ವೆಬ್‌ಸೈಟಿನಲ್ಲಿ Establishment Search ಎಂಬ ಸೌಲಭ್ಯ ಇದೆ. ಲಾಗಿನ್ ಬೇಡ. ಕಂಪೆನಿಯ ಹೆಸರು ಅಥವಾ ಪಿಎಫ್ ಕೋಡ್ ಹಾಕಿ, ಕ್ಯಾಪ್ಚಾ ತುಂಬಿಸಿ, ಸಿಕ್ಕ ಪಟ್ಟಿಯಲ್ಲಿ ವಿಳಾಸ ನೋಡಿ ಸರಿಯಾದ ಕಂಪೆನಿಯನ್ನು ತೆರೆದರೆ ಪಾವತಿಯ ವಿವರ ನೋಡಲು ಒಂದು ಕೊಂಡಿ ಇರುತ್ತದೆ. ಯಾವ ತಿಂಗಳ ಸಂಬಳಕ್ಕೆ, ಯಾವ ತಾರೀಕಿಗೆ, ಎಷ್ಟು ಹಣ, ಎಷ್ಟು ಜನರಿಗೆ ಕಟ್ಟಿದ್ದಾರೆ ಎಂದು ಸಾಲಾಗಿ ಬರುತ್ತದೆ. ನಕ್ಷತ್ರ ಹಾಕಲು ಮೊಬೈಲ್ ಸಾಕು. ಈ ಪಟ್ಟಿಯಲ್ಲಿ ಒಂದು ತಲೆ ಹೆಚ್ಚಿಸಬೇಕಾದರೆ ಆ ತಲೆಯ ಹೆಸರಿನಲ್ಲಿ ದುಡ್ಡು ಕಟ್ಟಬೇಕು.

ಆ ಬಿಲ್ಲಿಂಗ್ ಕಂಪೆನಿಯ ಸಾಲುಗಳು ಹೀಗಿದ್ದವು: ಹಿಂದಿನ ಜೂನ್ ತಿಂಗಳ ಸಂಬಳಕ್ಕೆ 66 ಜನ, ಅಕ್ಟೋಬರಿಗೆ 61, ಜನವರಿಗೆ 57. ಡ್ರೈವಿನ ದಿನ ಸ್ಲೈಡ್ ತೋರಿಸಿ ಅವರು ಹೇಳಿದ್ದು: 150 ಸಿಬ್ಬಂದಿ, ವೇಗವಾಗಿ ಬೆಳೆಯುತ್ತಿದ್ದೇವೆ.

57 ಜನ ಇರುವ ಕಡೆ ಆರು ವಾರದಲ್ಲಿ 77 ವಿಮರ್ಶೆ ಹೇಗೆ ಬಂತು? ಇಲ್ಲಿ ಅವಸರ ಮಾಡಬಾರದು. ಪಿಎಫ್ ಪಟ್ಟಿಯಲ್ಲಿ ಎಲ್ಲರೂ ಇರುವುದಿಲ್ಲ. ಪಿಎಫ್ ಲೆಕ್ಕಕ್ಕೆ ಹಿಡಿಯುವ ಸಂಬಳ 15,000 ರೂಪಾಯಿ ದಾಟಿದ್ದು, ಹಿಂದೆ ಎಂದೂ ಸದಸ್ಯರಾಗಿರದವರನ್ನು ಕಂಪೆನಿ ಹೊರಗಿಡಬಹುದು. ಗುತ್ತಿಗೆದಾರರ ಮೂಲಕ ಬಂದವರು ಗುತ್ತಿಗೆದಾರರ ಕೋಡ್‌ನಲ್ಲಿ ಇರುತ್ತಾರೆ. ಬೆಂಗಳೂರಿನಲ್ಲಿ ಹೆಡ್ ಆಫೀಸ್ ಇರುವ ದೊಡ್ಡ ಕಂಪೆನಿಯಾದರೆ ಎಲ್ಲ ಊರಿನವರೂ ಒಂದೇ ಕೋಡ್‌ನಲ್ಲಿ ಸೇರಿ, ಮಂಗಳೂರಿನವರು ಎಷ್ಟೆಂದು ಬೇರ್ಪಡಿಸಲು ಆಗುವುದಿಲ್ಲ. 20 ಜನಕ್ಕಿಂತ ಕಡಿಮೆ ಇರುವ ಸ್ಟಾರ್ಟಪ್ ಈ ಪಟ್ಟಿಯಲ್ಲಿ ಇಲ್ಲದೆಯೇ ಇರಬಹುದು, ಅದು ಅಪರಾಧವಲ್ಲ. ಹಾಗಾಗಿ ಈ ಅಂಕಿಯನ್ನು ತೀರ್ಪೆಂದು ಹಿಡಿಯದೆ ಪ್ರಶ್ನೆ ಕೇಳಲು ಬಳಸಬೇಕು.

ಅಕ್ಕನ ಮಗಳು ಕೇಳಿದಳು. ಎಚ್‌ಆರ್‌ಗೆ ಮೇಲ್ ಹಾಕಿದಳು, ತೀರಾ ಮರ್ಯಾದೆಯಿಂದ: ಸ್ಲೈಡಿನಲ್ಲಿ 150 ಎಂದಿತ್ತು, ಪಿಎಫ್ ಪಟ್ಟಿಯಲ್ಲಿ 57 ಕಾಣುತ್ತದೆ, ಹೊಸದಾಗಿ ಸೇರುವವರನ್ನು ಯಾವ ತಿಂಗಳಿಂದ ಪಿಎಫ್‌ಗೆ ಸೇರಿಸುತ್ತೀರಿ? ಉತ್ತರ ಮರುದಿನ ಬಂತು. ಮೊದಲ ಹನ್ನೆರಡು ತಿಂಗಳು ಎಲ್ಲ ಹೊಸಬರೂ "ಕನ್ಸಲ್ಟೆಂಟ್ ರೋಲ್"ನಲ್ಲಿ ಇರುತ್ತಾರೆ, ಆಮೇಲೆ "ಪರ್ಫಾರ್ಮೆನ್ಸ್ ನೋಡಿ" ಖಾಯಂ.

ಈ ಒಂದು ಸಾಲು ಪೋಸ್ಟರಿನಲ್ಲಿ ಇರಲಿಲ್ಲ, ಆಫರ್ ಲೆಟರಿನಲ್ಲಿ ಇರಲಿಲ್ಲ, 118 ವಿಮರ್ಶೆಗಳಲ್ಲಿ ಒಬ್ಬರೂ ಇದನ್ನು ಹೀಗೆ ಬಿಡಿಸಿ ಬರೆದಿರಲಿಲ್ಲ. ಸಂಬಳದ ಲೆಕ್ಕ ಗೊತ್ತಿಲ್ಲದ ಮಕ್ಕಳಿಗಾಗಿ ಅದರ ಅರ್ಥ ಹೇಳುತ್ತೇನೆ. ಕನ್ಸಲ್ಟೆಂಟ್ ಎಂದು ತೋರಿಸಿದವರಿಗೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಸಂಬಳದ ಬದಲು ಫೀಸ್ ಕೊಟ್ಟಂತೆ ತೋರಿಸಿ ಹೆಚ್ಚಿನ ಕಡೆ 10 ಶೇಕಡಾ ಟಿಡಿಎಸ್ ಹಿಡಿಯುತ್ತಾರೆ. ಆ ತೆರಿಗೆ ವಾಪಸು ಬೇಕಾದರೆ ರಿಟರ್ನ್ ಸಲ್ಲಿಸಬೇಕು. ಮುಂದೆ ಬೇರೆ ಕಂಪೆನಿಗೆ ಹೋದಾಗ ಆ ಒಂದು ವರ್ಷದ ಅನುಭವಕ್ಕೆ ಪಿಎಫ್ ದಾಖಲೆ ಇರುವುದಿಲ್ಲ, ಹಿನ್ನೆಲೆ ಪರಿಶೀಲನೆ ಮಾಡುವವರು ಮೊದಲು ನೋಡುವುದರಲ್ಲಿ ಅದೂ ಒಂದು. ಸಿಬ್ಬಂದಿಯೇ ಅಲ್ಲ ಎಂದು ಹೇಳಿದವರ ಮೇಲೆ ಹದಿನೆಂಟು ತಿಂಗಳ ಬಾಂಡ್ ಬೇರೆ! ಒಂಬತ್ತು ಗಂಟೆ ಕಂಪೆನಿಯ ಕುರ್ಚಿಯಲ್ಲಿ ಕೂತು, ಕಂಪೆನಿಯ ಪಾಳಿಯಲ್ಲಿ, ಕಂಪೆನಿಯ ಟೀಮ್ ಲೀಡಿನ ಕೆಳಗೆ ದುಡಿಯುವವರನ್ನು ಕನ್ಸಲ್ಟೆಂಟ್ ಎನ್ನುವುದು ಪಿಎಫ್ ಇಲಾಖೆಯ ಮುಂದೆ ನಿಲ್ಲುವ ಮಾತಲ್ಲ, ಆದರೆ ಅದನ್ನು ಅಲ್ಲಿ ತನಕ ಒಯ್ಯಲು ಇಪ್ಪತ್ತೊಂದರ ಹುಡುಗಿಗೆ ಧೈರ್ಯವೂ ಪುರುಸೊತ್ತೂ ಎಲ್ಲಿಂದ ಬರಬೇಕು?

ನ್ಯಾಯವಾಗಿ ಇನ್ನೊಂದು ಮಾತು. ಆ ಉತ್ತರ ಬಂದ ಮೇಲೆ "57 ಜನ, 77 ವಿಮರ್ಶೆ" ಎಂಬ ವಾದ ಸಡಿಲವಾಯಿತು. ಪಟ್ಟಿಯಲ್ಲಿ ಇಲ್ಲದ ತೊಂಬತ್ತು ಚಿಲ್ಲರೆ ಜನ ನಿಜವಾಗಿಯೂ ಇದ್ದಿರಬಹುದು, ಅವರೇ ಬರೆದಿರಬಹುದು. ಹಾಗಿದ್ದರೂ ಆರು ವಾರದ ರಾಶಿ, ಚಪ್ಪಟೆ ಅಂಕಗಳು, ಇಲ್ಲದ ಕೆಫೆಟೇರಿಯಾ, ಇಲ್ಲದ ಬೆಂಗಳೂರು ಆಫೀಸು ಹಾಗೆಯೇ ಉಳಿಯುತ್ತವೆ. ಅವು ಯಾರೋ ಹೇಳಿ ಬರೆಸಿದವು ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಬರೆದವರು ಯಾರು ಎಂಬುದು ಮಾತ್ರ ಗೊತ್ತಿಲ್ಲ.

ಕೊನೆಗೆ ಅವಳು ಹಿಂದಿನ ವರ್ಷ ಅದೇ ಡ್ರೈವಿನಲ್ಲಿ ಸೇರಿದ್ದ ಸೀನಿಯರ್ ಒಬ್ಬಳಿಗೆ ಫೋನ್ ಮಾಡಿದಳು. "ಕಂಪೆನಿ ಹೇಗಿದೆ ಅಕ್ಕ?" ಎಂದು ಕೇಳಬೇಡ, ಅದಕ್ಕೆ ಎಲ್ಲರೂ "ಪರವಾಗಿಲ್ಲ" ಎನ್ನುತ್ತಾರೆ ಎಂದು ನಾನು ಮೊದಲೇ ಹೇಳಿದ್ದೆ. ನಿಮ್ಮ ಜೊತೆ ಸೇರಿದವರು ಎಷ್ಟು, ಈಗ ಉಳಿದವರು ಎಷ್ಟು? ಕಳೆದ ಮೂರು ತಿಂಗಳು ಸಂಬಳ ಬ್ಯಾಂಕಿಗೆ ಬಿದ್ದದ್ದು ಯಾವ ತಾರೀಕಿಗೆ? ಉತ್ತರ: ಸೇರಿದ್ದು 30, ಉಳಿದದ್ದು 8. ಸಂಬಳ 7ಕ್ಕೆ, 12ಕ್ಕೆ, 19ಕ್ಕೆ. ತನಗೂ ಫೆಬ್ರವರಿಯಲ್ಲಿ ವಿಮರ್ಶೆಯ ಲಿಂಕ್ ಬಂದಿತ್ತು, ಐದು ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿದ್ದೇನೆ ಎಂದೂ ಆ ಹುಡುಗಿ ನಗುತ್ತಾ ಹೇಳಿದಳಂತೆ. ನಮ್ಮವಳು ಆಫರ್ ಬಿಟ್ಟಳು. ಆ ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿ ಒಳ್ಳೆಯವರು, ಮೇಲ್ ತೋರಿಸಿದಾಗ ಮುಂದಿನ ಡ್ರೈವಿಗೆ ಕೂರಲು ಬಿಟ್ಟರು. ಎಲ್ಲರಿಗೂ ಅಷ್ಟು ಅದೃಷ್ಟ ಇರುವುದಿಲ್ಲ.

ಇದನ್ನೆಲ್ಲ ಸರ್ಕಾರ ನೋಡಿಕೊಳ್ಳಲಿ ಎಂದು ನೀವು ಹೇಳಬಹುದು. ನಕಲಿ ವಿಮರ್ಶೆಯ ಬಗ್ಗೆ ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ IS 19000:2022 ಎಂಬ ಮಾನದಂಡ ತಂದಿದೆ. ಅದು ಗ್ರಾಹಕರು ವಸ್ತು, ಸೇವೆಗಳ ಬಗ್ಗೆ ಬರೆಯುವ ವಿಮರ್ಶೆಗೆ ಸಂಬಂಧಿಸಿದ್ದು, ಅದೂ ಐಚ್ಛಿಕವಾಗಿ ತಂದದ್ದು. ಕೆಲಸ ಹುಡುಕುವವರು ಕಂಪೆನಿಯ ಗ್ರಾಹಕರಲ್ಲ, ಹಾಗಾಗಿ ಮಿಕ್ಸಿ ಕೊಳ್ಳುವವರಿಗೆ ಇರುವಷ್ಟು ರಕ್ಷಣೆಯೂ ಇಲ್ಲಿಲ್ಲ. ಸೈಟಿನವರೂ ಸುಮ್ಮನೆ ಕೂತಿಲ್ಲ, ಅಂಕ ಏರಿಸಿದ್ದಕ್ಕೆ ಪುರಾವೆ ಸಿಕ್ಕಾಗ ಗ್ಲಾಸ್‌ಡೋರ್ ಆ ಕಂಪೆನಿಯ ಪುಟದ ಮೇಲೆ ಎಚ್ಚರಿಕೆಯ ಸೂಚನೆ ಹಾಕುತ್ತದೆ. ಆದರೆ ಮಂಗಳೂರಿನ ಎರಡನೇ ಮಹಡಿಯ ಐವತ್ತು ಅರುವತ್ತು ಜನರ ಆಫೀಸು ಅವರ ಕಣ್ಣಿಗೆ ಬೀಳುವ ತನಕ ಕಾಯುವುದಾದರೆ ಬಾಂಡ್ ಮುಗಿದಿರುತ್ತದೆ. ಹುಡುಗರಿಗೂ ಕಂಪೆನಿಗೂ ನಡುವೆ ಕೂತವರು ನೀವೇ, ಅದಕ್ಕೇ ಈ ಪತ್ರ ನಿಮಗೆ.

ನಾನು ಕೇಳುವುದು ದೊಡ್ಡದೇನೂ ಅಲ್ಲ. ಪೋಸ್ಟರಿನಲ್ಲಿ ನಕ್ಷತ್ರ ಹಾಕುವುದನ್ನು ನಿಲ್ಲಿಸಿ. ಹಾಕಲೇಬೇಕೆಂದಿದ್ದರೆ ಎರಡು ಅಂಕಿ ಹಾಕಿ: ಕಳೆದ ಮೂರು ತಿಂಗಳದ್ದು ಒಂದು, ಅದಕ್ಕಿಂತ ಹಿಂದಿನದ್ದು ಇನ್ನೊಂದು, ಜೊತೆಗೆ ತಲಾ ಎಷ್ಟು ವಿಮರ್ಶೆ ಎಂದು. ಡ್ರೈವಿಗೆ ಬರುವ ಕಂಪೆನಿಯಿಂದ ನೀವು ತುಂಬಿಸಿಕೊಳ್ಳುವ ಫಾರ್ಮಿಗೆ ಪಿಎಫ್ ಕೋಡ್ ಎಂಬ ಒಂದು ಖಾನೆ ಸೇರಿಸಿ, ಅದರ ಕೆಳಗೆ "ಹೊಸಬರು ಮೊದಲ ದಿನದಿಂದ ಕಂಪೆನಿಯ ಸಿಬ್ಬಂದಿಯೇ, ಕನ್ಸಲ್ಟೆಂಟೇ" ಎಂಬ ಪ್ರಶ್ನೆ ಹಾಕಿ. ಸರಿಯಾದ ಕಂಪೆನಿಗೆ ಇದನ್ನು ತುಂಬಿಸಲು ಒಂದು ನಿಮಿಷ ಸಾಕು. ತುಂಬಿಸಲು ತಕರಾರು ಮಾಡಿದರೆ ಆ ತಕರಾರನ್ನೇ ವಿದ್ಯಾರ್ಥಿಗಳಿಗೆ ತಿಳಿಸಿ.

ಹಿಂದಿನ ವರ್ಷ ಆ ಕಂಪೆನಿಗೆ ಸೇರಿದ ನಿಮ್ಮ ಹಳೆ ವಿದ್ಯಾರ್ಥಿಗಳ ಪಟ್ಟಿ ನಿಮ್ಮ ಹತ್ತಿರ ಇದ್ದೇ ಇರುತ್ತದೆ, ಪ್ಲೇಸ್‌ಮೆಂಟ್ ಸಂಖ್ಯೆ ತೋರಿಸಲು ಅದು ಬೇಕಲ್ಲ. ಸೇರಿದ ದಿನ ಅವರ ಫೋಟೋ ತೆಗೆದು ಬ್ಯಾನರ್ ಹಾಕಿದವರು ಒಂದು ವರ್ಷದ ಮೇಲೆ ಒಂದು ಫೋನ್ ಮಾಡಬಹುದು. ಸೇರಿದ್ದೆಷ್ಟು, ಉಳಿದದ್ದೆಷ್ಟು ಎಂಬ ಎರಡು ಅಂಕಿಯನ್ನು ಯಾರ ಹೆಸರೂ ಹಾಕದೆ ಪೋಸ್ಟರಿನಲ್ಲಿ ಕೊಡಿ. ಯಾವ ಸೈಟಿನ ನಕ್ಷತ್ರವೂ ಅದರ ಹತ್ತಿರ ಬರುವುದಿಲ್ಲ. ಇಂಟರ್ನ್‌ಶಿಪ್‌ಗೆ ಹೋದವರಿಂದ ಕಂಪೆನಿ ವಿಮರ್ಶೆ ಬರೆಸಿಕೊಳ್ಳುವಂತಿಲ್ಲ ಎಂದು ನಿಮ್ಮ ಒಪ್ಪಂದದಲ್ಲೇ ಒಂದು ಸಾಲು ಸೇರಿಸಿ.

ಇನ್ನು ಆ "ನಾಳೆ ಹತ್ತು ಗಂಟೆಯೊಳಗೆ". ಒಂದು ಆಫರ್ ಒಪ್ಪಿದರೆ ಮತ್ತೆ ಕೂರುವಂತಿಲ್ಲ ಎಂಬ ನಿಯಮಕ್ಕೆ ನಿಮ್ಮದೇ ಕಾರಣ ಇದೆ, ಎಲ್ಲರಿಗೂ ಅವಕಾಶ ಸಿಗಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹದಿನೆಂಟು ತಿಂಗಳಿಗೆ ಸಹಿ ಹಾಕಿಸುವವರು ಒಂದು ರಾತ್ರಿ ಮಾತ್ರ ಕೊಡುವುದು ಯಾವ ಲೆಕ್ಕ? ಎಚ್‌ಆರ್‌ನಿಂದ ಮೇಲಿಗೆ ಉತ್ತರ ಬರಲು ಒಂದು ದಿನ ಬೇಕು, ಸೀನಿಯರ್ ಪಾಳಿ ಮುಗಿಸಿ ಫೋನ್ ಎತ್ತಲು ಇನ್ನೊಂದು ದಿನ. ಮೂರು ಕೆಲಸದ ದಿನ ಕೊಡಿ, ಅದನ್ನು ಕಂಪೆನಿಗೂ ಮೊದಲೇ ಹೇಳಿ.

ಪಿಎಫ್ ಪಟ್ಟಿ ಓದುವುದು ಹೇಗೆಂದು ನಿಮ್ಮ ಸಿಬ್ಬಂದಿಗೋ ಕೊನೆಯ ವರ್ಷದ ವಿದ್ಯಾರ್ಥಿಗಳಿಗೋ ತೋರಿಸಬೇಕಿದ್ದರೆ ಕರೆಯಿರಿ, ಬರುತ್ತೇನೆ. ತಿಂಗಳ 15 ದಾಟಿದ ಮೇಲಾದರೆ ಒಳ್ಳೆಯದು. ಒಂದು ಪ್ರೊಜೆಕ್ಟರ್, ಇಂಟರ್ನೆಟ್ ಸಾಕು. ಯಾವ ಕಂಪೆನಿಯನ್ನು ತೆರೆದು ನೋಡಬೇಕೆಂದು ವಿದ್ಯಾರ್ಥಿಗಳೇ ಹೇಳಲಿ.

ಇಂತಿ,
ಸಂಬಳದ ಲೆಕ್ಕ ನೋಡುವ ಒಬ್ಬಳು, ಮಂಗಳೂರು